ಬಡ್ಡಿ ಎಲ್ಲಿ ಸೇರುತ್ತದೆ ಎಂದು ಕೇಳಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಠೇವಣಿ ಇಟ್ಟಿರುವ, ಇಡಲು ಹೊರಟಿರುವ ಎಲ್ಲ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ,



ನಾನು ಈ ಸೀಮೆಯ ಬ್ಯಾಂಕ್ ಶಾಖೆಗಳಲ್ಲಿ ಠೇವಣಿ ಕೌಂಟರಿನ ಹಿಂದೆ ಕೂತು ನೌಕರಿ ಮುಗಿಸಿದವನು. ಕಬ್ಬಿನ ಬಟವಾಡೆ ಆದ ವಾರ, ತೆಂಗಿನಕಾಯಿ ಮಾರಿದ ವಾರ, ರಸ್ತೆಗೋ ನಾಲೆಗೋ ಹೋದ ಜಮೀನಿನ ಪರಿಹಾರ ಖಾತೆಗೆ ಬಿದ್ದ ವಾರ ನೀವು ಬರುತ್ತಿದ್ದಿರಿ. ಕೂತ ಕೂಡಲೇ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಬಡ್ಡಿ ಎಷ್ಟ್ ಕೊಡ್ತೀರ ಸಾ?" ದರ ಕೇಳಿ, ಪಕ್ಕದ ಬ್ಯಾಂಕಿನ ದರಕ್ಕೆ ಹೋಲಿಸಿ, ಕಾಲು ಪರ್ಸೆಂಟಿಗೂ ಚೌಕಾಸಿ ಮಾಡುತ್ತಿದ್ದಿರಿ. ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯನ್ನು ಕೇಳಿದವರು ತೀರಾ ಕಡಿಮೆ. ಬಂದ ಬಡ್ಡಿ ಎಲ್ಲಿ ಸೇರುತ್ತದೆ, ನಿಮ್ಮ ಕೈಗೋ, ಉಳಿತಾಯ ಖಾತೆಗೋ, ಅಥವಾ ಅಸಲಿಗೋ? ಕೆಲವು ವರ್ಷ ಕಳೆದರೆ ಕಾಲು ಪರ್ಸೆಂಟಿಗಿಂತ ಎಷ್ಟೋ ಪಟ್ಟು ಹೆಚ್ಚಿನ ದುಡ್ಡು ಈ ಎರಡನೇ ಪ್ರಶ್ನೆಯ ಉತ್ತರದಲ್ಲಿ ಇರುತ್ತದೆ. ಅದಕ್ಕಾಗಿಯೇ ಈ ಪತ್ರ.

ಸಾಲದ ಚಕ್ರಬಡ್ಡಿ ಏನೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಕಟ್ಟದ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆದುಕೊಟ್ಟ ಸಾಲಗಾರರ ಮನೆಗಳನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಅದೇ ಲೆಕ್ಕ ಠೇವಣಿಯಲ್ಲಿ ನಿಮ್ಮ ಕಡೆಗೆ ಕೆಲಸ ಮಾಡುತ್ತದೆ. ಆದರೆ ನೀವು ಅದಕ್ಕೆ ಒಪ್ಪಿಗೆ ಕೊಟ್ಟಿರಬೇಕು. ಆ ಒಪ್ಪಿಗೆ ಇರುವುದು ಠೇವಣಿ ಅರ್ಜಿಯ ಒಂದು ಸಣ್ಣ ಚೌಕದಲ್ಲಿ. ಬಹಳ ಸಲ ಆ ಚೌಕಕ್ಕೆ ಗುರುತು ಹಾಕುವವರು ನೀವಲ್ಲ, ಅರ್ಜಿ ತುಂಬಿಕೊಡುವವರು.

ಒಂದು ಲೆಕ್ಕವನ್ನು ನಿಧಾನವಾಗಿ ಮಾಡೋಣ. ಕಾಗದ, ಪೆನ್ನು ತೆಗೆದುಕೊಳ್ಳಿ. ಅಸಲು ಒಂದು ಲಕ್ಷ, ದರ ವರ್ಷಕ್ಕೆ ನೂರಕ್ಕೆ 7. ಬ್ಯಾಂಕಿನ ದರ ಯಾವಾಗಲೂ ವರ್ಷದ್ದು. ಊರಲ್ಲಿ ನಾವು ಹೇಳುವ "ನೂರಕ್ಕೆ ಎರಡು" ತಿಂಗಳದ್ದು, ಅಂದರೆ ವರ್ಷಕ್ಕೆ 24. ಬ್ಯಾಂಕಿನ 7ನ್ನು ಊರ ಮಾತಿಗೆ ಇಳಿಸಿದರೆ ತಿಂಗಳಿಗೆ ನೂರಕ್ಕೆ ಸುಮಾರು 58 ಪೈಸೆ. ಇವೆರಡನ್ನು ಬೆರೆಸಿಕೊಂಡು ಮೋಸಹೋದವರಿದ್ದಾರೆ, ಅದಕ್ಕೇ ಮೊದಲೇ ಹೇಳಿದೆ.

ಸರಳಬಡ್ಡಿಯಲ್ಲಿ ಲೆಕ್ಕ ಒಂದೇ ಸಾಲಿನದು. ಲಕ್ಷಕ್ಕೆ ವರ್ಷಕ್ಕೆ 7,000. ಎರಡನೇ ವರ್ಷವೂ 7,000, ಮೂರನೇ ವರ್ಷವೂ 7,000. ಎಷ್ಟು ವರ್ಷ ಇಟ್ಟರೂ ಬಡ್ಡಿ ಹುಟ್ಟುವುದು ಆ ಮೊದಲ ಲಕ್ಷದಿಂದ ಮಾತ್ರ.

ಚಕ್ರಬಡ್ಡಿಯಲ್ಲಿ ಮೊದಲ ವರ್ಷ ಅದೇ 7,000, ಅಲ್ಲಿಯವರೆಗೆ ಭೇದವೇ ಇಲ್ಲ. ಆದರೆ ಎರಡನೇ ವರ್ಷಕ್ಕೆ ಅಸಲು 1,07,000 ಆಗಿದೆ. ಅದರ ನೂರಕ್ಕೆ 7 ಎಂದರೆ 7,490. ಹೆಚ್ಚಿಗೆ ಬಂದ ಆ 490 ರೂಪಾಯಿ ಎಲ್ಲಿಂದ ಬಂತು? ಮೊದಲ ವರ್ಷದ 7,000 ಬಡ್ಡಿಗೆ ಬಂದ ಬಡ್ಡಿ ಅದು, ಬೇರೇನೂ ಅಲ್ಲ. ಮೂರನೇ ವರ್ಷಕ್ಕೆ ಅಸಲು 1,14,490, ಬಡ್ಡಿ 8,014, ಒಟ್ಟು 1,22,504. ಸರಳಬಡ್ಡಿಯವನ ಹತ್ತಿರ ಆಗ 1,21,000 ಇರುತ್ತದೆ. ಅಂತರ 1,504. ಒಂದನೇ ವರ್ಷ ಸೊನ್ನೆ, ಎರಡನೇ ವರ್ಷ 490, ಮೂರನೇ ವರ್ಷ 1,504. ಅಂತರ ವರ್ಷವರ್ಷವೂ ಒಂದೇ ಅಳತೆಯಲ್ಲಿ ಏರುತ್ತಿಲ್ಲ, ಅದರ ಏರಿಕೆಯೇ ದೊಡ್ಡದಾಗುತ್ತಾ ಹೋಗುತ್ತಿದೆ. ಆ ಅಂತರದ ದುಡ್ಡಿಗೂ ಬಡ್ಡಿ ಹತ್ತುತ್ತಿರುವುದೇ ಇದಕ್ಕೆ ಕಾರಣ.

ನಮ್ಮ ಬ್ಯಾಂಕುಗಳು ಬಡ್ಡಿಯನ್ನು ಅಸಲಿಗೆ ಸೇರಿಸುವುದು ವರ್ಷಕ್ಕೊಮ್ಮೆ ಅಲ್ಲ, ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ಆಗ 7ನ್ನು ನಾಲ್ಕು ಪಾಲು ಮಾಡಿ, ಪ್ರತಿ ತ್ರೈಮಾಸಿಕಕ್ಕೆ 1.75ರಂತೆ ಹಾಕುತ್ತಾರೆ. ಲಕ್ಷ ಮೂರು ತಿಂಗಳಿಗೆ 1,01,750 ಆಗುತ್ತದೆ, ಆರು ತಿಂಗಳಿಗೆ 1,03,531, ಒಂಬತ್ತಕ್ಕೆ 1,05,342, ವರ್ಷಕ್ಕೆ 1,07,186. ಫೋನಿನಲ್ಲಿ ಲೆಕ್ಕ ಹಾಕುವ ಮಕ್ಕಳಿಗೆ ಸೂತ್ರ ಹೀಗೆ ಕೊಡಿ:

ಮೊತ್ತ = ಅಸಲು × (1 + ದರ/400)^(4 × ವರ್ಷ)

ಎಂಟನೇ ತರಗತಿಯ ಗಣಿತದಲ್ಲಿ ಚಕ್ರಬಡ್ಡಿಯ ಪಾಠವಿದೆ. ನಿಮ್ಮ ಮನೆಯ ಹುಡುಗಿಯೋ ಹುಡುಗನೋ ಇದನ್ನು ಖಂಡಿತ ಮಾಡಬಲ್ಲರು. ತ್ರೈಮಾಸಿಕ ಪೂರ್ತಿಯಾಗದೆ ಉಳಿದ ದಿನಗಳಿಗೆ, ಉದಾಹರಣೆಗೆ 400 ದಿನದ ಠೇವಣಿಯಲ್ಲಿ ವರ್ಷ ಕಳೆದು ಉಳಿಯುವ 35 ದಿನಕ್ಕೆ, ಬ್ಯಾಂಕು ದಿನದ ಲೆಕ್ಕದಲ್ಲಿ ಸರಳಬಡ್ಡಿ ಹಾಕುತ್ತದೆ. ಹಾಗಾಗಿ ರಸೀದಿಯ ಅಂಕಿ ನಿಮ್ಮ ಲೆಕ್ಕಕ್ಕಿಂತ ಕೆಲವು ರೂಪಾಯಿ ಆಚೀಚೆ ಆದರೆ ಗಾಬರಿ ಬೇಡ. ಸಾವಿರಗಟ್ಟಲೆ ವ್ಯತ್ಯಾಸವಿದ್ದರೆ ಮಾತ್ರ ಬಡ್ಡಿ ಅಸಲಿಗೆ ಸೇರುತ್ತಿಲ್ಲ ಎಂದೋ ದರ ಬೇರೆ ಎಂದೋ ತಿಳಿಯಿರಿ.

ಒಂದು ಊರಿನ ಅಣ್ಣತಮ್ಮಂದಿರಿಬ್ಬರು ಭಾಗದ ಪರಿಹಾರದ ದುಡ್ಡನ್ನು ಒಂದೇ ದಿನ ಠೇವಣಿ ಇಟ್ಟದ್ದು ನನಗೆ ನೆನಪಿದೆ. ಅಣ್ಣ ಮೂರು ತಿಂಗಳಿಗೊಮ್ಮೆ ಬಡ್ಡಿ ತನ್ನ ಉಳಿತಾಯ ಖಾತೆಗೆ ಬರಲಿ ಎಂದ. ತಮ್ಮ, "ನಂಗೆ ಈಗ ಬ್ಯಾಡ, ಅಲ್ಲೇ ಸೇರಿಸ್ಕೊಂಡ್ ಹೋಗಿ" ಎಂದ. ಇಬ್ಬರಿಗೂ ದರ ಒಂದೇ. ವರ್ಷ ಕಳೆದ ಮೇಲೆ ತಮ್ಮನ ರಸೀದಿ ನೋಡಿ ಅಣ್ಣ, "ಏನ್ ಮಹಾ ಜಾಸ್ತಿ ಬಂತು?" ಎಂದು ಕೇಳಿದ. ನಮ್ಮ ಲಕ್ಷದ ಲೆಕ್ಕದಲ್ಲಿ ಮೊದಲ ವರ್ಷದ ಅಂತರ ಬರೀ 186 ರೂಪಾಯಿ. ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಅದೇ ಲೆಕ್ಕವನ್ನು ಮುಂದಕ್ಕೆ ಒಯ್ದು ನೋಡಿ. ಐದು ವರ್ಷಕ್ಕೆ ಸರಳಬಡ್ಡಿಯಲ್ಲಿ 1,35,000, ಚಕ್ರಬಡ್ಡಿಯಲ್ಲಿ 1,41,478. ಹತ್ತು ವರ್ಷಕ್ಕೆ 1,70,000ದ ಎದುರು 2,00,160. ಇಪ್ಪತ್ತು ವರ್ಷಕ್ಕೆ 2,40,000ದ ಎದುರು 4,00,639. ವರ್ಷಗಳು ಐದರಿಂದ ಇಪ್ಪತ್ತಾದಾಗ ನಾಲ್ಕು ಪಟ್ಟಾದವು. ಅಂತರ ಮಾತ್ರ 6,478ರಿಂದ 1,60,639ಕ್ಕೆ, ಅಂದರೆ ಸುಮಾರು ಇಪ್ಪತ್ತೈದು ಪಟ್ಟು ಆಯಿತು.

ಇಪ್ಪತ್ತು ವರ್ಷದ ಅಂಕಿಗೆ ಒಂದು ಮಿತಿ ಇದೆ. ಬ್ಯಾಂಕುಗಳು ಸಾಮಾನ್ಯವಾಗಿ ಒಂದು ಠೇವಣಿಯನ್ನು ಹತ್ತು ವರ್ಷಕ್ಕಿಂತ ಹೆಚ್ಚು ಅವಧಿಗೆ ತೆಗೆದುಕೊಳ್ಳುವುದಿಲ್ಲ. ಹತ್ತು ವರ್ಷ ತುಂಬಿದ ಮೇಲೆ ಆ ದಿನದ ದರದಲ್ಲಿ ಮತ್ತೆ ಇಡಬೇಕು. ಅದು ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಆದರೆ ಮೊದಲ ಹತ್ತು ವರ್ಷದ ದರಕ್ಕೆ ರಸೀದಿಯೇ ಖಾತರಿ.

ಅಣ್ಣನ ದುಡ್ಡು ಉಳಿತಾಯ ಖಾತೆಗೆ ಬಂತಲ್ಲ, ಅಲ್ಲಿಯೂ ಬಡ್ಡಿ ಬರುತ್ತದಲ್ಲ ಎಂದು ನೀವು ಕೇಳಬಹುದು. ಬರುತ್ತದೆ. ಉಳಿತಾಯ ಖಾತೆಯ ದರ ನೂರಕ್ಕೆ 2.5 ಎಂದಿಟ್ಟುಕೊಳ್ಳಿ. ಮೂರು ತಿಂಗಳಿಗೊಮ್ಮೆ ಬಿದ್ದ 1,750 ರೂಪಾಯಿಯನ್ನು ಅವನು ಒಂದು ಪೈಸೆಯೂ ಮುಟ್ಟದೆ ಬಿಟ್ಟಿದ್ದರೂ ಹತ್ತು ವರ್ಷಕ್ಕೆ ಅವನ ಹತ್ತಿರ ಆಗುವುದು 1,79,248. ತಮ್ಮನದಕ್ಕಿಂತ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಕಡಿಮೆ. ಬಡ್ಡಿಗೂ ಬಡ್ಡಿ ಬಂತು ನಿಜ, ಆದರೆ 7ರ ದರದಲ್ಲಲ್ಲ, 2.5ರ ದರದಲ್ಲಿ. ನಾನು ಕೌಂಟರಿನಲ್ಲಿ ಅತಿ ಹೆಚ್ಚಾಗಿ ಕಂಡದ್ದು ಇದನ್ನೇ. ಬಡ್ಡಿ ಬೇಕಾಗಿಯೂ ಇರುವುದಿಲ್ಲ, ತೆಗೆದು ಖರ್ಚು ಮಾಡುವುದೂ ಇಲ್ಲ, ಪಾಸ್‌ಬುಕ್ಕಿನಲ್ಲಿ ಸುಮ್ಮನೆ ಬಿದ್ದಿರುತ್ತದೆ.

ತಿಂಗಳ ಬಡ್ಡಿಯಿಂದಲೇ ಮನೆ ನಡೆಸುವವರಿಗೆ ಈ ಮಾತು ಅಲ್ಲ. ಗಂಡನ ಪಿಂಚಣಿ ಇಲ್ಲದ ತಾಯಿ, ಔಷಧಿಗೆ ತಿಂಗಳು ತಿಂಗಳೂ ದುಡ್ಡು ಬೇಕಾದ ಹಿರಿಯರು ಬಡ್ಡಿಯನ್ನು ಕೈಗೇ ತೆಗೆದುಕೊಳ್ಳಬೇಕು, ಅದರಲ್ಲಿ ನಷ್ಟವೆಂಬ ಮಾತಿಲ್ಲ. ಅವರು ಕೇಳುತ್ತಿದ್ದ ಒಂದು ಪ್ರಶ್ನೆಗೆ ಮಾತ್ರ ಇಲ್ಲಿ ಉತ್ತರ ಕೊಡುತ್ತೇನೆ. ಲಕ್ಷಕ್ಕೆ ವರ್ಷಕ್ಕೆ 7,000 ಅಂದರೆ ತಿಂಗಳಿಗೆ 583 ಬರಬೇಕು, ಬ್ಯಾಂಕು 580 ಯಾಕೆ ಕೊಡುತ್ತದೆ? ಮೂರು ರೂಪಾಯಿ ಯಾರೋ ನುಂಗುತ್ತಿದ್ದಾರೆ ಎಂದು ಜಗಳವಾಡಿದವರೂ ಇದ್ದರು. ಬ್ಯಾಂಕು ಬಡ್ಡಿ ಕಟ್ಟುವುದು ತ್ರೈಮಾಸಿಕದ ಕೊನೆಗೆ. ನಿಮಗೆ ಅದಕ್ಕಿಂತ ಮೊದಲೇ ಬೇಕೆಂದರೆ, ಮೊದಲೇ ಕೊಟ್ಟ ದುಡ್ಡಿನ ಬಡ್ಡಿಯನ್ನು ಮುರಿದುಕೊಂಡು ಕೊಡುತ್ತದೆ. ಆ 580ರಂತೆ ಮೂರು ಕಂತನ್ನು ಅದೇ ದರದಲ್ಲಿ ಇಟ್ಟರೆ ತ್ರೈಮಾಸಿಕದ ಕೊನೆಗೆ ಸರಿಯಾಗಿ 1,750 ಆಗುತ್ತದೆ. ಇದೂ ಚಕ್ರಬಡ್ಡಿಯ ಲೆಕ್ಕವೇ, ಹಿಂದಿನಿಂದ ಮಾಡಿದ್ದು ಅಷ್ಟೆ.

ಇನ್ನು ಅಂಚೆ ಕಚೇರಿಗೆ ಬನ್ನಿ. ಊರಿನವರು ಅಲ್ಲಿ ಹೆಚ್ಚು ನಂಬಿಕೆ ಇಡುತ್ತಾರೆ, ಅದು ಸರಿಯಾದ ನಂಬಿಕೆಯೇ. ಆದರೆ ಅಲ್ಲಿ ಒಂದೇ ಕಿಟಕಿಯಲ್ಲಿ ಸಿಗುವ ಎರಡು ಕಾಗದಗಳ ನಡುವೆ ಈ ಭೇದ ಬಹಳ ಸ್ಪಷ್ಟವಾಗಿದೆ. ಐದು ವರ್ಷದ ಟೈಮ್ ಡಿಪಾಸಿಟ್ಟಿಗೆ 2025ರಲ್ಲಿ ದರ 7.5. ಬಡ್ಡಿಯ ಲೆಕ್ಕ ವರ್ಷದೊಳಗೆ ತ್ರೈಮಾಸಿಕ ಚಕ್ರಬಡ್ಡಿ, ಆದರೆ ಪಾವತಿ ವರ್ಷಕ್ಕೊಮ್ಮೆ. ಲಕ್ಷಕ್ಕೆ ವರ್ಷಕ್ಕೆ ಸುಮಾರು 7,714 ರೂಪಾಯಿ. ಅದನ್ನು ನೀವು ತೆಗೆದುಕೊಳ್ಳದೆ ಬಿಟ್ಟರೆ ಅದಕ್ಕೆ ಮತ್ತೆ ಬಡ್ಡಿ ಇಲ್ಲ. ಇದು ಆ ಯೋಜನೆಯ ನಿಯಮ. ಅಂದರೆ ವರ್ಷದ ಒಳಗೆ ಚಕ್ರಬಡ್ಡಿ, ವರ್ಷದಿಂದ ವರ್ಷಕ್ಕೆ ಸರಳಬಡ್ಡಿ. ಐದು ವರ್ಷಕ್ಕೆ ಬಡ್ಡಿ ಒಟ್ಟು 38,570ರ ಹತ್ತಿರ. ಪಕ್ಕದಲ್ಲೇ ಇರುವ ರಾಷ್ಟ್ರೀಯ ಉಳಿತಾಯ ಪತ್ರ, ಅಂದರೆ ಎನ್‌ಎಸ್‌ಸಿ, ಅದೇ 2025ರಲ್ಲಿ 7.7ರ ದರದ್ದು. ಅದರ ಬಡ್ಡಿ ವರ್ಷವರ್ಷವೂ ಅಸಲಿಗೆ ಸೇರಿ ಐದು ವರ್ಷದ ಕೊನೆಗೆ ಒಟ್ಟಿಗೆ ಬರುತ್ತದೆ. ಲಕ್ಷಕ್ಕೆ ಬಡ್ಡಿ 44,903. ಇವೆರಡರ ನಡುವಿನ ಆರು ಸಾವಿರ ಚಿಲ್ಲರೆ ದರದ ಹೆಚ್ಚುವರಿಯಿಂದ ಬಂದದ್ದಲ್ಲ, ಮೊದಲ ವರ್ಷದ ಬಡ್ಡಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅದೆಲ್ಲ ಬಂದದ್ದು ಬಡ್ಡಿ ಎಲ್ಲಿ ಸೇರಿತು ಎಂಬುದರಿಂದ. ಟೈಮ್ ಡಿಪಾಸಿಟ್ ಇಟ್ಟು ಐದು ವರ್ಷ ಪಾಸ್‌ಬುಕ್ಕನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುವವರು ದಯವಿಟ್ಟು ಈ ಸಾಲನ್ನು ಇನ್ನೊಮ್ಮೆ ಓದಿ. ಅದನ್ನೇ ಆರಿಸಿಕೊಂಡಿದ್ದರೆ ವರ್ಷದ ಬಡ್ಡಿ ತಾನಾಗಿ ನಿಮ್ಮ ಉಳಿತಾಯ ಖಾತೆಗೆ ಹೋಗುವಂತೆ ಬರೆದುಕೊಡಿ.

ದುಡ್ಡು ಎಷ್ಟು ವರ್ಷಕ್ಕೆ ಎರಡರಷ್ಟು ಆಗುತ್ತದೆ ಎಂದು ಬಾಯಿಲೆಕ್ಕದಲ್ಲಿ ತಿಳಿಯಲು ಒಂದು ದಾರಿ ಇದೆ. ಚಕ್ರಬಡ್ಡಿಯಾದರೆ 72ನ್ನು ದರದಿಂದ ಭಾಗಿಸಿ. ಸರಳಬಡ್ಡಿಯಾದರೆ 100ನ್ನು ದರದಿಂದ ಭಾಗಿಸಿ. ಕಿಸಾನ್ ವಿಕಾಸ ಪತ್ರದ ದರ 2023ರ ಏಪ್ರಿಲ್‌ನಿಂದ 7.5, ದುಡ್ಡು ಎರಡರಷ್ಟಾಗಲು 115 ತಿಂಗಳು. 72ನ್ನು 7.5ರಿಂದ ಭಾಗಿಸಿದರೆ 9.6 ವರ್ಷ, ಅಂದರೆ 115 ತಿಂಗಳೇ. ಅದೇ ದರ ಸರಳಬಡ್ಡಿಯಾಗಿದ್ದರೆ 160 ತಿಂಗಳು ಕಾಯಬೇಕಿತ್ತು.

ಈ ಬಾಯಿಲೆಕ್ಕ ನಿಮ್ಮನ್ನು ಒಂದು ಮಾತಿನ ಬಲೆಯಿಂದಲೂ ಕಾಪಾಡುತ್ತದೆ. ಮನೆಬಾಗಿಲಿಗೆ ಬರುವ ಕೆಲವು ಏಜೆಂಟರು, "ಹತ್ತು ವರ್ಷಕ್ಕೆ ಲಕ್ಷ ಎರಡು ಲಕ್ಷ ಆಗ್ತದೆ, ಅಂದ್ರೆ ವರ್ಷಕ್ಕೆ ನೂರಕ್ಕೆ ಹತ್ತು ಬಿತ್ತಲ್ಲ" ಎನ್ನುತ್ತಾರೆ. ಮೇಲಿನ ತಮ್ಮನ ಲೆಕ್ಕ ನೋಡಿ. 7ರ ಚಕ್ರಬಡ್ಡಿಯಲ್ಲೇ ಹತ್ತು ವರ್ಷಕ್ಕೆ 2,00,160 ಆಯಿತು. ಹತ್ತರ ಸರಳಬಡ್ಡಿಗೂ ಏಳರ ಚಕ್ರಬಡ್ಡಿಗೂ ಹತ್ತು ವರ್ಷದಲ್ಲಿ ಭೇದವಿಲ್ಲ. ಆದ್ದರಿಂದ ಅವರು ಹೇಳುವ ಹತ್ತನ್ನು ಬ್ಯಾಂಕಿನ ಏಳರ ಪಕ್ಕದಲ್ಲಿಟ್ಟು ಹೆಚ್ಚೆಂದು ಹಿಗ್ಗಬೇಡಿ. ಎರಡನ್ನೂ ಒಂದೇ ಬಗೆಯ ಬಡ್ಡಿಗೆ ಇಳಿಸಿದ ಮೇಲೆ ಹೋಲಿಸಿ.

ಬೆಲೆ ಏರಿಕೆಯನ್ನೂ ಇಲ್ಲಿ ಮರೆಯುವಂತಿಲ್ಲ. ಏಕೆಂದರೆ ಬೆಲೆಗಳು ಏರುವುದು ಚಕ್ರಬಡ್ಡಿಯ ರೀತಿಯಲ್ಲೇ, ಕಳೆದ ವರ್ಷ ಏರಿದ ಬೆಲೆಯ ಮೇಲೆ ಈ ವರ್ಷದ ಏರಿಕೆ. ವರ್ಷಕ್ಕೆ ನೂರಕ್ಕೆ 5ರಂತೆ ಏರುತ್ತದೆ ಎಂದುಕೊಳ್ಳಿ. ಇಂದು ಲಕ್ಷಕ್ಕೆ ಸಿಗುವ ಸಾಮಾನಿಗೆ ಇಪ್ಪತ್ತು ವರ್ಷದ ಮೇಲೆ 2,65,000ಕ್ಕೂ ಹೆಚ್ಚು ಬೇಕು. ಏಳರ ಸರಳಬಡ್ಡಿಯವನ ಹತ್ತಿರ ಆಗ ಇರುವುದು 2,40,000. ಬಡ್ಡಿಯ ದರ ಬೆಲೆ ಏರಿಕೆಯ ದರಕ್ಕಿಂತ ಹೆಚ್ಚಿದ್ದರೂ ಅವನು ಹಿಂದೆ ಬಿದ್ದ. ಮಗಳ ಓದಿಗೆ, ಮುಪ್ಪಿಗೆ ಎಂದು ದೂರದ ಕಾಲಕ್ಕೆ ಇಡುವ ದುಡ್ಡನ್ನು ಸರಳಬಡ್ಡಿಯಲ್ಲಿ ಇಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಅಸಲಿಗೆ ಬಡ್ಡಿ ಸೇರಿಸಿ ಎಂದು ಬರೆದುಕೊಟ್ಟವರದೂ ಲೆಕ್ಕ ಮುರಿಯುವ ಜಾಗ ಒಂದಿದೆ, ಅದು ಅವಧಿ ಮುಗಿಯುವ ದಿನ. 2021ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಆದೇಶದ ಪ್ರಕಾರ, ಅವಧಿ ಮುಗಿದೂ ಯಾರೂ ಕೇಳದೆ ಬಿದ್ದಿರುವ ಠೇವಣಿಗೆ ಉಳಿತಾಯ ಖಾತೆಯ ದರ ಅಥವಾ ಹಳೆಯ ಒಪ್ಪಂದದ ದರ, ಇವೆರಡರಲ್ಲಿ ಕಡಿಮೆ ಯಾವುದೋ ಅದು. ಐದು ವರ್ಷಕ್ಕೆ 1,41,478 ಆದ ರಸೀದಿಯನ್ನು ಇನ್ನೈದು ವರ್ಷ ಮರೆತರೆ, 2.5ರ ದರದಲ್ಲಿ ಅದು ಸುಮಾರು 1,60,000 ಆಗುತ್ತದೆ. ನವೀಕರಿಸಿದ್ದರೆ ಎರಡು ಲಕ್ಷ ಆಗುತ್ತಿತ್ತು. ನಲವತ್ತು ಸಾವಿರ ಹೋದದ್ದು ಯಾರೂ ಕದ್ದುಕೊಂಡು ಹೋಗಿ ಅಲ್ಲ. ಹತ್ತು ವರ್ಷ ಯಾರೂ ಕೇಳದಿದ್ದರೆ ಆ ದುಡ್ಡು ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ವಾರಸುದಾರರು ಆಮೇಲೂ ಕೇಳಿ ಪಡೆಯಬಹುದು. ಆದರೆ ನಿಧಿಯಲ್ಲಿದ್ದ ಕಾಲಕ್ಕೆ 2021ರಿಂದ ನಿಗದಿಯಾಗಿರುವುದು ನೂರಕ್ಕೆ 3ರ ಸರಳಬಡ್ಡಿ. ತೀರಿಹೋದ ಅಪ್ಪನ ಪೆಟ್ಟಿಗೆಯಲ್ಲಿ ಹಳೆಯ ರಸೀದಿಗಳು ಸಿಕ್ಕಿ ಬಂದವರನ್ನು ನಾನು ನೋಡಿದ್ದೇನೆ. ದುಡ್ಡು ಸಿಕ್ಕಿತು, ಅಷ್ಟು ವರ್ಷದ ಬೆಳೆ ಸಿಗಲಿಲ್ಲ.

ಹಾಗಾಗಿ ನಿಮ್ಮಲ್ಲಿ ನನ್ನ ಬೇಡಿಕೆಗಳಿವು. ಅರ್ಜಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕುವ ಮೊದಲು, "ಬಡ್ಡಿ ಅಸಲಿಗೆ ಸೇರ್ತದಾ, ಖಾತೆಗೆ ಬರ್ತದಾ?" ಎಂದು ಕೇಳಿ. ರಸೀದಿ ಕೈಗೆ ಬಂದಾಗ ಅದರಲ್ಲಿ ಅವಧಿ ಮುಗಿದ ದಿನ ಬರುವ ಮೊತ್ತವನ್ನು ನೋಡಿ. ಅದು ಇಟ್ಟಷ್ಟೇ ಇದ್ದರೆ ಬಡ್ಡಿ ಸೇರುತ್ತಿಲ್ಲ ಎಂದು ಅರ್ಥ, ಅಲ್ಲೇ ನಿಂತು ಬದಲಿಸಿಕೊಳ್ಳಿ. ತಾನಾಗಿ ನವೀಕರಣ ಆಗಲಿ ಎಂದು ಬರೆದುಕೊಡುವಾಗ ಬರೀ ಅಸಲನ್ನೋ, ಅಸಲು ಬಡ್ಡಿ ಎರಡನ್ನೋ ಎಂದು ಸ್ಪಷ್ಟಪಡಿಸಿ. ಬರೀ ಅಸಲು ಎಂದಿದ್ದರೆ ಐದು ವರ್ಷ ಕೂಡಿದ 41,478 ಉಳಿತಾಯ ಖಾತೆಗೆ ಜಾರಿ, ಲೆಕ್ಕ ಮತ್ತೆ ಒಂದು ಲಕ್ಷದಿಂದ ಶುರುವಾಗುತ್ತದೆ.

ಇಡೀ ದುಡ್ಡನ್ನು ಒಂದೇ ರಸೀದಿಯಲ್ಲಿ ಇಡಬೇಡಿ. ಲಕ್ಷವನ್ನು ಇಪ್ಪತ್ತೈದು ಸಾವಿರದ ನಾಲ್ಕು ರಸೀದಿ ಮಾಡಿಸಿದರೂ ಚಕ್ರಬಡ್ಡಿ ಅಷ್ಟೇ ಬರುತ್ತದೆ. ಬೋರ್‌ವೆಲ್ ಕೆಟ್ಟಿತು, ಆಸ್ಪತ್ರೆ ಖರ್ಚು ಬಂತು ಎಂದು ನಡುವೆ ಮುರಿಸಬೇಕಾದಾಗ ಒಂದನ್ನು ಮಾತ್ರ ಮುರಿಸಿದರೆ ಸಾಕು. ಅವಧಿಗೆ ಮೊದಲು ಮುರಿಸಿದರೆ ಬ್ಯಾಂಕು ಕೊಡುವುದು ರಸೀದಿಯ ದರವನ್ನಲ್ಲ. ದುಡ್ಡು ನಿಜವಾಗಿ ಇದ್ದ ಅವಧಿಗೆ ಸಲ್ಲುವ ದರ, ಅದರಲ್ಲೂ ಸಾಮಾನ್ಯವಾಗಿ ಅರ್ಧ ಅಥವಾ ಒಂದು ಪರ್ಸೆಂಟ್ ದಂಡ ಕಳೆದು.

ಕೊನೆಯದಾಗಿ, ಬೆಳೆಯುವ ಠೇವಣಿಗೆ ಒಂದು ಗಡಿ ನೆನಪಿರಲಿ. ಬ್ಯಾಂಕು ಮುಳುಗಿದರೆ ಠೇವಣಿ ವಿಮೆಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಸಿಗುವುದು ಅಸಲು ಬಡ್ಡಿ ಎಲ್ಲ ಸೇರಿ ಹೆಚ್ಚೆಂದರೆ ಐದು ಲಕ್ಷ. 2020ರಿಂದ ಮಿತಿ ಇಷ್ಟಿದೆ. ಮೂರು ಲಕ್ಷ ಇಟ್ಟವರು ವಿಮೆಯೊಳಗೇ ಇದ್ದೇನೆಂದು ನಿಶ್ಚಿಂತೆಯಿಂದ ಇರುತ್ತಾರೆ. ಏಳರ ಚಕ್ರಬಡ್ಡಿಯಲ್ಲಿ ಅದು ಏಳೂವರೆ ವರ್ಷದ ಹೊತ್ತಿಗೆ ಐದು ಲಕ್ಷ ದಾಟುತ್ತದೆ. ನಮ್ಮೂರಿನ ವ್ಯವಸಾಯ ಸೇವಾ ಸಹಕಾರ ಸಂಘಗಳಲ್ಲಿ, ಪತ್ತಿನ ಸೊಸೈಟಿಗಳಲ್ಲಿ ಇಟ್ಟ ಠೇವಣಿಗೆ ಈ ವಿಮೆಯೇ ಇಲ್ಲ. ಅಲ್ಲಿ ಅರ್ಧ ಪರ್ಸೆಂಟ್ ಹೆಚ್ಚು ಕೊಡುತ್ತಾರೆಂದು ಹತ್ತು ವರ್ಷದ ಗಂಟನ್ನು ಪೂರ್ತಿ ಅಲ್ಲೇ ಇಡಬೇಡಿ.

ಈಗಾಗಲೇ ಮನೆಯಲ್ಲಿರುವ ರಸೀದಿಗಳನ್ನು ಈ ಭಾನುವಾರ ಹೊರಗೆ ತೆಗೆಯಿರಿ. ಪ್ರತಿಯೊಂದರ ಮೇಲೂ ಇಟ್ಟ ಮೊತ್ತ, ದರ, ಮುಗಿಯುವ ದಿನ, ಆ ದಿನ ಬರುವ ಮೊತ್ತ ಇವು ನಾಲ್ಕನ್ನೂ ಓದಬಲ್ಲ ಮಕ್ಕಳಿಂದ ಓದಿಸಿ, ಒಂದು ಪುಸ್ತಕದಲ್ಲಿ ಬರೆಸಿಡಿ. ನಾಮಿನಿ ಹೆಸರಿಲ್ಲದ ರಸೀದಿ ಕಂಡರೆ ಸೋಮವಾರವೇ ಶಾಖೆಗೆ ಹೋಗಿ ಸೇರಿಸಿ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ,
ಪಾಂಡವಪುರ